ಅತ್ತೆಯ ಗಾಡಿಗೆ ಗಾಳಿಯೋ ಫೋಮೋ

ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದ ಕೂಡಲೇ ದೇವರಿಗೆ ಕೈಮುಗಿಯುವುದಕ್ಕಿಂತ ಮೊದಲು ಟಯರಿಗೆ ಕೈ ಒತ್ತಿ ನೋಡುವ ಕಾಲವೊಂದಿತ್ತು. ಹೆಬ್ಬೆರಳು ಒಳಗೆ ಹೋಯಿತೋ, ಆ ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಮುಖ್ಯವಾಗಿ ನನ್ನಿಂದ ಯಾರಿಗೂ ನೆಮ್ಮದಿಯಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ಮಾತಾಡಲಾಗದ ವಸ್ತುಗಳ ಮೇಲೆ ಇನ್ನೂ ಬೇಗ.

ಪೈವಳಿಕೆಯ ರಸ್ತೆ ಬದಿಯಲ್ಲಿ ನನ್ನದೊಂದು ನರ್ಸರಿ ಉಂಟು. ಮಲ್ಲಿಗೆ, ಗುಲಾಬಿ, ಬೋಗನ್‌ವಿಲ್ಲಾ, ಹಣ್ಣಿನ ಗಿಡಗಳು, ಅಂಗಳಕ್ಕೆ ಹಾಸುವ ಹುಲ್ಲು. ಮೇಲೆ ಮನೆ, ಕೆಳಗೆ ಕಸಿ ಕಟ್ಟುವ ಚಪ್ಪರ, ನಡುವೆ ಒರಟು ಕೆಂಪು ಮುರಕಲ್ಲಿನ ಇಳಿಜಾರು ದಾರಿ. ಆ ದಾರಿಯಲ್ಲಿ ಓಡಾಡುವ ವಾಹನಗಳು ಮೂರು. ಮಣ್ಣು ಹೊರುವ ಒಂದೇ ಚಕ್ರದ ಕೈಗಾಡಿ, ಕುಂಡಗಳನ್ನು ಸಾಗಿಸುವ ನಾಲ್ಕು ಚಕ್ರದ ಎಳೆಯುವ ಗಾಡಿ, ಮತ್ತೆ ಕಡಲ ಬದಿಯ ಯಾವುದೋ ರೆಸಾರ್ಟಿನವರು ಮಾರಿದ ಹಳೆಯ ಮೋವರ್. ಮೋವರ್ ಎಂದರೆ ಹುಲ್ಲು ಕತ್ತರಿಸುವ ಯಂತ್ರ, ಮೇಲೆ ಕೂತು ಓಡಿಸುವಂಥದ್ದು. ಅದರ ಮೇಲೆ ಕೂರುವ ಹಕ್ಕು ನನ್ನ ಗಂಡನಿಗೆ ಮಾತ್ರ. ಗಲ್ಫಿನಲ್ಲಿ ದೊಡ್ಡ ದೊಡ್ಡ ತೋಟಗಳ ಕೆಲಸ ಮಾಡಿ ಊರಿಗೆ ಮರಳಿದವರು. ಅಲ್ಲಿ ಬಿಟ್ಟು ಬಂದ ಗತ್ತನ್ನೆಲ್ಲ ಆ ಸೀಟಿನ ಮೇಲೆ ಕೂತಾಗ ಮರಳಿ ಪಡೆಯುತ್ತಾರೆ.

ನಾಲ್ಕು ಚಕ್ರದ ಗಾಡಿಗೆ ಕುಂಡಗಳಲ್ಲದೆ ಇನ್ನೊಂದು ಹೊರೆಯೂ ಇತ್ತು. ಅದು ನನ್ನ ಅತ್ತೆ.

ಹೊರೆ ಎಂದದ್ದು ತಮಾಷೆಗೆ. ನಮ್ಮ ನರ್ಸರಿಗೆ ಹೆಸರು ಬಂದದ್ದೇ ಅತ್ತೆಯ ಕೈಯಿಂದ. ಅವರು ಕಟ್ಟಿದ ಲಿಂಬೆ ಕಸಿ ಸಾಯುವುದು ಅಪರೂಪ. ಎರಡೂ ಮಂಡಿಗಳು ಕೈಕೊಟ್ಟ ಮೇಲೆ ಅವರಿಗೆ ಇಳಿಜಾರು ಇಳಿಯಲು ಆಗುತ್ತಿರಲಿಲ್ಲ. ಗಾಲಿಕುರ್ಚಿ ತರುವ ಎಂದರೆ, "ಅದು ಆಸ್ಪತ್ರೆಯದ್ದು. ಅದರಲ್ಲಿ ಕೂತರೆ ನಾನು ರೋಗಿ ಅಂತ ಆಯ್ತಲ್ಲ" ಎಂದರು. ಗೊಬ್ಬರದ ಗಾಡಿಯಲ್ಲಿ ಕೂತರೆ ಏನೆಂದು ಆಗುತ್ತದೆ ಎಂದು ನಾನು ಕೇಳಲಿಲ್ಲ. ಒಂದು ದಿನ ತಾವೇ ಗೋಣಿಚೀಲವನ್ನು ಮಡಚಿ ಗಾಡಿಯಲ್ಲಿಟ್ಟು, ಅದರ ಮೇಲೆ ಕೂತು, ಕಸಿ ಚೂರಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, "ಎಳಿ ಮಗ" ಎಂದು ಮಗನಿಗೆ ಅಪ್ಪಣೆ ಕೊಟ್ಟರು. ಅಲ್ಲಿಂದ ದಿನಾ ಅದೇ ಸವಾರಿ. ಗಿಡ ಕೊಳ್ಳಲು ಬಂದವರು ನಿಂತು ನೋಡುತ್ತಿದ್ದರು, ಅತ್ತೆ ಅವರಿಗೆಲ್ಲ ಕೈ ಬೀಸುತ್ತಿದ್ದರು.

ಗಾಡಿಯ ಟಯರುಗಳು ದಪ್ಪ, ಆದರೆ ಗಿಡ್ಡ. ಒಳಗೆ ಟ್ಯೂಬ್. ಮುಳ್ಳಿಗೆ ಅದೆಂಥ ಪ್ರೀತಿಯೋ, ವಾರ ಕಳೆಯುವುದರೊಳಗೆ ಒಂದಲ್ಲ ಒಂದು ಚಕ್ರ ನೆಲಕ್ಕೆ ಕೂರುತ್ತಿತ್ತು. ಕೈಗಾಡಿಯೂ ಹಾಗೆಯೇ, ಮೋವರಿನ ಮುಂದಿನ ಚಕ್ರವೂ ಹಾಗೆಯೇ. ಪಂಕ್ಚರ್ ಹಾಕುವುದನ್ನು ನಾವಿಬ್ಬರೂ ಕಲಿತೆವು. ಗಾಡಿಯ ರಿಮ್ಮು ಎರಡು ಹೋಳು, ಬೋಲ್ಟ್ ಹಾಕಿ ಜೋಡಿಸಿದ್ದು. ಗಾಳಿ ಪೂರ್ತಿ ತೆಗೆಯದೆ ಬೋಲ್ಟ್ ಬಿಚ್ಚಿದರೆ ಹೋಳು ಸಿಡಿದು ಮುಖಕ್ಕೆ ಬರಬಹುದು. ಆದ್ದರಿಂದ ನನ್ನ ಗಂಡ ಮೊದಲು ವಾಲ್ವಿನ ಒಳಗಿನ ಪಿನ್ನನ್ನೇ ತೆಗೆದು, ಅದನ್ನು ಅಂಗಿಯ ಕಿಸೆಗೆ ಹಾಕಿ, ಆಮೇಲೆ ಸ್ಪ್ಯಾನರ್ ಹಿಡಿಯುತ್ತಿದ್ದರು. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿದರೆ ತೂತಿನಿಂದ ಗುಳ್ಳೆಗಳು ಬರುತ್ತವೆ. ಆ ಜಾಗವನ್ನು ಒರೆಸಿ, ಒಣಗಿಸಿ, ಉಜ್ಜಿ ಒರಟು ಮಾಡಿ, ಸೊಲ್ಯೂಷನ್ ಹಚ್ಚಿ, ಅದು ಅರ್ಧ ಒಣಗುವ ತನಕ ಕಾದು ಪ್ಯಾಚ್ ಒತ್ತಬೇಕು. ಆ ಕಾಯುವುದು ಉಂಟಲ್ಲ, ಅದು ನನ್ನಿಂದಾಗದ ಕೆಲಸ. ನಾನು ಒತ್ತಿದ ಪ್ಯಾಚುಗಳೆಲ್ಲ ದೋಸೆ ಎದ್ದ ಹಾಗೆ ಎದ್ದು ಬರುತ್ತಿದ್ದವು.

ಗಂಡನ ಪ್ಯಾಚ್ ಏಳುತ್ತಿರಲಿಲ್ಲ. ಆದರೆ ಮರುದಿನ ಪ್ಯಾಚಿನ ಪಕ್ಕದಲ್ಲೇ ಹೊಸ ತೂತು. ಕಾರಣ ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು. ಟ್ಯೂಬನ್ನು ರಿಪೇರಿ ಮಾಡುತ್ತಿದ್ದೆವೇ ಹೊರತು ಟಯರಿನ ಒಳಮೈ ಸವರಿ ನೋಡುತ್ತಿರಲಿಲ್ಲ. ಮುರಿದ ಮುಳ್ಳಿನ ಮೊನೆ ರಬ್ಬರಿನಲ್ಲೇ ಕೂತು ಹೊಸ ಟ್ಯೂಬಿಗಾಗಿ ಕಾಯುತ್ತಿತ್ತು. ಬರಿಗೈಯಲ್ಲಿ ಸವರಿದರೆ ಬೆರಳಿಗೆ ಚುಚ್ಚುತ್ತದೆ, ಹಳೆಯ ಬನಿಯನ್ ತುಂಡಿನಲ್ಲಿ ಸವರಿದರೆ ಬಟ್ಟೆ ಸಿಕ್ಕಿಕೊಂಡು ಜಾಗ ಹೇಳುತ್ತದೆ. ಅದು ಕಲಿತ ಮೇಲೆ ಒಂದೇ ಜಾಗದ ಪಂಕ್ಚರ್ ನಿಂತಿತು, ಬೇರೆ ಬೇರೆ ಜಾಗದ್ದು ಮುಂದುವರಿಯಿತು.

ಒಮ್ಮೆ ಗಂಡ ಕೈಗಾಡಿಯ ಚಕ್ರವನ್ನು ಜಂಕ್ಷನಿನ ಟಯರ್ ಅಂಗಡಿಗೆ ಒಯ್ದರು. ಅಲ್ಲಿ ಲಾರಿಗೆ ಗಾಳಿ ಹೊಡೆಯುವ ಕಂಪ್ರೆಸರ್. ಅಂಗಡಿಯವನು ಚಾ ಕುಡಿಯುತ್ತಿದ್ದ, ಇವರಿಗೆ ಕಾಯುವ ತಾಳ್ಮೆ ಇರಲಿಲ್ಲ, ಪೈಪನ್ನು ತಾವೇ ಹಿಡಿದರು. ಅಂಗೈಯಗಲದ ಟ್ಯೂಬಿಗೆ ಲಾರಿಯ ಗಾಳಿ. ಟ್ಯೂಬ್ ಒಡೆದ ಸದ್ದು ಕೇಳಿ ಬಸ್ಸಿಗೆ ಕಾಯುತ್ತಿದ್ದವರು ಹಿಂದೆ ಸರಿದರಂತೆ. ಅಂಗಡಿಯವನು ಲೋಟ ಕೆಳಗಿಟ್ಟು, "ಎಂತ ಮಾರಾಯ್ರೆ, ಪಟಾಕಿ ಬೇಕಿದ್ರೆ ಬೇರೆ ಅಂಗಡಿ ಇಲ್ವಾ?" ಎಂದನಂತೆ. ಇದನ್ನು ಗಂಡ ಮನೆಯಲ್ಲಿ ಹೇಳಲಿಲ್ಲ. ಹೂವಿನ ಗಿಡ ಕೊಳ್ಳಲು ಬಂದವರೊಬ್ಬರು ಹೇಳಿದರು.

ಪಂಕ್ಚರಿಗೆಲ್ಲ ಬೇಲಿಯೇ ಕಾರಣ ಎಂದು ನಾನು ತೀರ್ಮಾನಿಸಿದೆ. ದಾರಿಯ ಬದಿಗೆ ಬೋಗನ್‌ವಿಲ್ಲಾದ ಬೇಲಿಯಿತ್ತು, ತುಂಬ ಮುಳ್ಳು. ಒಂದು ದಿನ ಸಿಟ್ಟಿನಲ್ಲಿ ಅದನ್ನು ಬುಡದ ತನಕ ಬೋಳಿಸಿದೆ, ದಾರಿಯನ್ನು ಗುಡಿಸಿದೆ. ಹೂವಿನಿಂದ ತುಂಬಿದ್ದ ಬೇಲಿ ಮುಂಡನ ಮಾಡಿಸಿಕೊಂಡವರ ತಲೆಯ ಹಾಗಾಯಿತು. ಆ ವಾರವೂ ಪಂಕ್ಚರ್ ಆಯಿತು.

ಆದರೆ ಆ ಸಲದ್ದು ನಗುವಂಥದ್ದಾಗಿರಲಿಲ್ಲ. ದಾರಿಯ ನಡುವೆ, ಹಲಸಿನ ಮರದ ತಿರುವಿನಲ್ಲಿ, ಗಾಡಿಯ ಮುಂದಿನ ಚಕ್ರ ಪೂರ್ತಿ ಕುಸಿದು, ಟಯರು ರಿಮ್ಮಿನಿಂದ ಕಳಚಿ, ಗಾಡಿ ಓರೆಯಾಯಿತು. ಅತ್ತೆ ಬೀಳಲಿಲ್ಲ, ಅಂಚು ಹಿಡಿದುಕೊಂಡರು. ಏಳಲೂ ಆಗಲಿಲ್ಲ. ಮದುವೆ ಮಂಟಪದ ಅಂಗಳಕ್ಕೆ ಗಿಡ ನೋಡಲು ಬಂದ ಒಂದು ಗುಂಪು ಅಲ್ಲೇ ಇತ್ತು. ಗಂಡ ಒಂದು ಕಡೆ, ಆ ಗುಂಪಿನ ಇಬ್ಬರು ಅಪರಿಚಿತರು ಇನ್ನೊಂದು ಕಡೆ ಹಿಡಿದು, ಅತ್ತೆಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಎಲ್ಲರೂ ಒಳ್ಳೆಯ ಮಾತೇ ಆಡಿದರು, ಪಾಪ ಎಂದರು. ಆ 'ಪಾಪ' ಅತ್ತೆಯ ಕಿವಿಗೆ ಬಿತ್ತು.

ಸಂಜೆ ಚೂರಿಯ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. "ನಾಳೆಯಿಂದ ನೀನೇ ಕಟ್ಟು. ನಾನಿನ್ನು ಕೆಳಗೆ ಬರುವುದಿಲ್ಲ."

"ಟಯರ್ ಹಾಳಾದದ್ದಕ್ಕೆ ನೀವು ಯಾಕೆ ಅತ್ತೆ ಕೋಪಿಸುವುದು?" ಎಂದೆ.

"ಕೋಪ ಅಲ್ಲ ಮಾರಾಯ್ತಿ. ನಾನು ಗಾಡಿಯಲ್ಲಿ ಹೋಗುವಾಗ ಯಜಮಾನ್ತಿ. ನನ್ನನ್ನು ಎತ್ತಿದರೆ ನಾನು ಮೂಟೆ."

ಆ ಡಬ್ಬಿಯನ್ನು ತೆರೆಯಲು ನನಗೆ ಮನಸ್ಸು ಬರಲಿಲ್ಲ. ಅವರು ಕಸಿ ಕಟ್ಟದಿದ್ದರೆ ನರ್ಸರಿ ಮುಳುಗುತ್ತದೆ ಎಂದಲ್ಲ. ಕಸಿ ಕಟ್ಟದ ಅತ್ತೆಯನ್ನು ನನಗೆ ಊಹಿಸಲೂ ಆಗಲಿಲ್ಲ. ಜಗಲಿಯಲ್ಲಿ ಕೂತು ರಸ್ತೆ ನೋಡುವ ಹೆಂಗಸು ಅವರಲ್ಲ.

ಗಂಡ ಒಂದೇ ಮಾತು ಹೇಳಿದರು. "ಫೋಮ್ ತುಂಬಿಸುವ."

ಈ ಫೋಮಿನ ಮಾತು ನಮ್ಮ ಮನೆಯಲ್ಲಿ ಹಳತು. ಗಲ್ಫಿನಲ್ಲಿ ಅವರು ಓಡಿಸುತ್ತಿದ್ದ ಗಾಡಿಗಳ ಟಯರಿನಲ್ಲಿ ಗಾಳಿಯೇ ಇರುತ್ತಿರಲಿಲ್ಲವಂತೆ, ಒಳಗೆಲ್ಲ ರಬ್ಬರಿನಂಥ ಫೋಮ್. ಮೊಳೆ ಹೊಕ್ಕರೂ ಓಡುತ್ತದೆ, ಮುಳ್ಳು ಹೊಕ್ಕರೂ ಓಡುತ್ತದೆ. ಇದನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ ನನಗೇ ಆ ಗಾಡಿ ಓಡಿಸಿದ ಹಾಗೆ ಆಗಿತ್ತು. ಆದರೆ ಓಡಿಸಿದ್ದು ಬೇರೆ, ತುಂಬಿಸಿದ್ದು ಬೇರೆ. ತುಂಬಿಸುವುದನ್ನು ಅವರು ನೋಡಿರಲಿಲ್ಲ.

ಬಾಗಿಲಿನ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಬಡಗಿಗಳು ಹೊಡೆಯುವ ಡಬ್ಬಿ ಫೋಮ್ ಇದೆಯಲ್ಲ, ಅದನ್ನು ತಂದರು. ಪುಣ್ಯಕ್ಕೆ ಮೊದಲು ಕೈಗಾಡಿಯ ಚಕ್ರದಲ್ಲಿ ಪರೀಕ್ಷೆ. ಟಯರಿನ ಬದಿಗೆ ತೂತು ಕೊರೆದು ನಳಿಗೆ ತುರುಕಿ ಹೊಡೆದರು. ಅದು ಉಬ್ಬಿತು, ತೂತಿನಿಂದ ಹಳದಿ ನಾಲಗೆ ಚಾಚಿತು, ಅಂಗಳಕ್ಕೆ, ಅವರ ಲುಂಗಿಗೆ, ನಮ್ಮ ಬೆಕ್ಕಿನ ಬಾಲಕ್ಕೆ ಅಂಟಿತು. ಮಂತ್ರಕ್ಕಿಂತ ಉಗುಳು ಹೆಚ್ಚು. ಮರುದಿನ ಕೈಗಾಡಿಗೆ ಮಣ್ಣು ತುಂಬಿ ತಳ್ಳಿದರೆ ಒಂದು ಬದಿ ಗಟ್ಟಿ, ಇನ್ನೊಂದು ಬದಿ ಪಿಸಕ್ಕೆಂದು ಕುಸಿಯುತ್ತದೆ. ಗಾಡಿ ಕುಂಟುತ್ತಾ ಹೋಯಿತು. ಟಯರನ್ನು ಕೊಯ್ದು ನೋಡಿದಾಗ ನಡುವೆ ಇನ್ನೂ ಹಸಿ ಅಂಟು. ಆ ಫೋಮ್ ಗಟ್ಟಿಯಾಗಲು ಗಾಳಿಯ ತೇವ ಬೇಕು, ಮುಚ್ಚಿದ ಟಯರಿನೊಳಗೆ ಅದು ಎಲ್ಲಿಂದ ಸಿಗಬೇಕು? ಗಟ್ಟಿಯಾದದ್ದೂ ಭಾರ ಹೊರುವ ಜಾತಿಯದ್ದಲ್ಲ, ಪುಡಿಯಾಗಿತ್ತು. ಬೆಕ್ಕಿನ ಬಾಲದ ಕೂದಲನ್ನು ನಾನು ಕತ್ತರಿಯಲ್ಲಿ ಕತ್ತರಿಸಿದೆ. ಅದು ಗಂಡನ ಹತ್ತಿರ ಬಹಳ ಕಾಲ ಹೋಗಲಿಲ್ಲ.

ನಿಜವಾದ ಫೋಮ್ ಬೇರೆ. ಎರಡು ದ್ರವಗಳನ್ನು ಬೆರೆಸಿ, ಗಾಳಿಯ ಬದಲಿಗೆ ವಾಲ್ವಿನಿಂದ ಪಂಪ್ ಮಾಡಿ ತುಂಬಿಸುವಂಥದ್ದು. ಮಂಗಳೂರಿನಲ್ಲಿ ಗೋದಾಮಿನ ಗಾಡಿಗಳಿಗೆ ಇದನ್ನು ಮಾಡುವವರೊಬ್ಬರನ್ನು ಗಂಡ ಹುಡುಕಿದರು. ಅವರು ಮೊದಲು ನಕ್ಕರಂತೆ, ಇಷ್ಟು ಸಣ್ಣ ಚಕ್ರಕ್ಕೆ ಯಾರೂ ತುಂಬಿಸಲು ತರುವುದಿಲ್ಲ ಎಂದರಂತೆ. ಅಮ್ಮನಿಗೆ ಎಂದಾಗ ಒಪ್ಪಿದರಂತೆ. ಗಂಡ ನಾಲ್ಕೂ ಚಕ್ರಗಳನ್ನು ಅಲ್ಲೇ ಬಿಟ್ಟು ಬಂದರು, ದ್ರವ ಒಳಗೆ ಗಟ್ಟಿಯಾಗಿ ರಬ್ಬರಾದ ಮೇಲೆ ಹೋಗಿ ತಂದರು. ಎತ್ತಿ ನೋಡಿದೆ. ಒಂದೊಂದು ಚಕ್ರವೂ ಅರೆಯುವ ಕಲ್ಲಿನ ಭಾರ.

"ಇನ್ನು ಟಯರ್ ಸವೆದರೆ?" ಎಂದು ಕೇಳಿದೆ.

"ಸವೆದರೆ ಫೋಮ್ ಸಮೇತ ಬಿಸಾಡಬೇಕು. ಬೇರೆ ಮಾಡ್ಲಿಕ್ಕೆ ಆಗುವುದಿಲ್ಲ. ಆದ್ರೆ ಪಂಕ್ಚರ್ ಉಂಟಾ? ಇಲ್ಲ!"

ಮಗನ ಮುಖ ನೋಡಿಯೋ ಏನೋ, ಅತ್ತೆ ಚೂರಿಯ ಡಬ್ಬಿಯನ್ನು ನನ್ನಿಂದ ಹಿಂದಕ್ಕೆ ತೆಗೆದುಕೊಂಡರು. ಗಾಡಿ ಹೊರಟಿತು. ಗಂಡ ಬೇಕೆಂದೇ ಮುಳ್ಳಿನ ಕೊಂಬೆಯೊಂದರ ಮೇಲೆ ಹಾಯಿಸಿ, ತಿರುಗಿ ನನ್ನನ್ನು ನೋಡಿದರು. ಸೋತೆ ಎಂದು ಒಪ್ಪಿಕೊಂಡೆ.

ಕೆಲವು ದಿನ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಅತ್ತೆ ನೆಪ ಹೇಳತೊಡಗಿದರು. ಇವತ್ತು ಏಕಾದಶಿ, ಇವತ್ತು ಬಿಸಿಲು ಹೆಚ್ಚು, ಇವತ್ತು ಯಾರೋ ಬರುತ್ತೇನೆಂದು ಹೇಳಿದ್ದಾರೆ. ಬಂದ ದಿನವೂ ಚಪ್ಪರದಲ್ಲಿ ಕೂತ ಕೂಡಲೇ ಚೂರಿ ಹಿಡಿಯುತ್ತಿರಲಿಲ್ಲ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸುಮ್ಮನೆ ಗಿಡಗಳನ್ನು ನೋಡುತ್ತಿದ್ದರು. ಚಳಿಯಾ ಎಂದು ಕೇಳಿದೆ. ನಮ್ಮೂರಿನ ಸೆಕೆಯಲ್ಲಿ ಎಂಥ ಚಳಿ, ನನ್ನ ಪ್ರಶ್ನೆಗೆ ನಾನೇ ನಾಚಿದೆ.

"ಕೈ ತೋರಿಸಿ ನೋಡುವ" ಎಂದೆ.

ತೋರಿಸಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಕಣ್ಣು ಕಸಿ ಎಂದರೆ ಲಿಂಬೆಯ ಕಡ್ಡಿಯಿಂದ ಒಂದು ಮೊಗ್ಗನ್ನು ತೊಗಟೆ ಸಮೇತ ಎಬ್ಬಿಸಿ, ಇನ್ನೊಂದು ಗಿಡದ ತೊಗಟೆಯನ್ನು ಸೀಳಿ ಅದರೊಳಗೆ ಜಾರಿಸುವ ಕೆಲಸ. ನಡುಗುವ ಕೈಯಿಂದ ಅದು ಆಗುವುದಿಲ್ಲ.

"ಸ್ವಲ್ಪ ಹೊತ್ತು ಕೂತರೆ ಸರಿಯಾಗ್ತದೆ. ಅವನಿಗೆ ಹೇಳ್ಬೇಡ" ಎಂದರು.

ಮಧ್ಯಾಹ್ನ ಗಂಡನನ್ನು ಕರೆದು, ನಾನು ಗಾಡಿಯೊಳಗೆ ಕೂತು, ಎಳೆಯಿರಿ ಎಂದೆ. ಅವರಿಗೆ ನನ್ನ ತಲೆಯ ಬಗ್ಗೆ ಮೊದಲೇ ಸಂಶಯ, ಆದರೂ ಎಳೆದರು. ಮುರಕಲ್ಲಿನ ಒಂದೊಂದು ಉಬ್ಬೂ ನನ್ನ ಬೆನ್ನುಹುರಿಯಲ್ಲಿ ಹಾದು ಹಲ್ಲಿಗೆ ಬಂತು. ಗಾಳಿ ತುಂಬಿದ ಟಯರು ಕಲ್ಲಿಗೆ ಸ್ವಲ್ಪ ತಗ್ಗಿ ಮುಂದೆ ಹೋಗುತ್ತದೆ. ಭಾರದ ಗಾಡಿಗೆಂದು ತಯಾರಾದ ಆ ಫೋಮ್ ನಮ್ಮಂಥವರ ತೂಕಕ್ಕೆ ತಗ್ಗುವುದೇ ಇಲ್ಲ. "ನಿ-ನಿ-ನಿಲ್ಲಿಸಿ" ಎಂದೆ, ನಿಲ್ಲಿಸಿದರು. ಇಳಿದು, "ಈಗ ನೀವು ಕೂತ್ಕೊಳ್ಳಿ" ಎಂದೆ.

ಅವರೂ ಕೂತರು. ಹಲಸಿನ ಮರದ ತನಕ ಎಳೆದೆ. ಇಳಿದು, ಬಗ್ಗಿ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಅಮ್ಮ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ಅವರು ಅಮ್ಮನಿಗೇ ಕೇಳಿದರು. ಅತ್ತೆ ಸೀದಾ ಉತ್ತರ ಕೊಟ್ಟರು. "ನೀನು ಅಲ್ಲಿದ್ದಾಗ ಕಂಬಳಿ ಕಳಿಸಿದೆ, ಸೆಂಟು ಕಳಿಸಿದೆ. ನಿನ್ನ ಕೈಯಾರೆ ನನಗೆ ಮಾಡಿಕೊಟ್ಟದ್ದು ಇದೊಂದೇ. ಅದನ್ನು ಬೇಡ ಅಂತ ಹೇಗೆ ಹೇಳ್ಲಿ ಮಗ?"

ಗಂಡ ಅಂಗಳಕ್ಕೆ ಹೋಗಿ ಮೋವರನ್ನು ಒರೆಸತೊಡಗಿದರು. ಅದು ಒರೆಸುವಷ್ಟು ಕೊಳಕಾಗಿರಲಿಲ್ಲ.

ಫೋಮಿನ ಚಕ್ರಗಳು ವ್ಯರ್ಥವಾಗಲಿಲ್ಲ. ವೆಲ್ಡರ್ ಒಬ್ಬರಿಂದ ಕಬ್ಬಿಣದ ಚೌಕಟ್ಟು ಮಾಡಿಸಿ, ಗೊಬ್ಬರದ ಮೂಟೆ ಮತ್ತು ಕತ್ತರಿಸಿದ ಕೊಂಬೆ ಸಾಗಿಸಲು ಬೇರೆ ಗಾಡಿಯನ್ನೇ ಕಟ್ಟಿಸಿದೆವು. ಮೂಟೆಗೆ ಬೆನ್ನು ನೋಯುವುದಿಲ್ಲ, ಅದಕ್ಕೆ ಫೋಮ್ ಬಹಳ ಒಳ್ಳೆಯದು. ಮೋವರಿಗೂ ತುಂಬಿಸುವ ಆಸೆ ಗಂಡನಿಗಿತ್ತು. ಅಷ್ಟು ಭಾರದ ಗಟ್ಟಿ ಚಕ್ರ ನನ್ನ ಹುಲ್ಲಿನ ಮೇಲೆ ಹೋದರೆ ಮಳೆಗಾಲದಲ್ಲಿ ಗೆರೆ ಬೀಳುತ್ತದೆ ಎಂದು ನಾನು ಅಡ್ಡ ನಿಂತೆ. ಮೋವರಿನ ಟಯರಿಗೆ ಗಾಳಿಯನ್ನು ಕಡಿಮೆಯೇ ಇಡಬೇಕು, ಮೆತ್ತಗಿರಬೇಕು. ಅದರ ಮುಂದಿನ ಚಕ್ರಕ್ಕೆ ಟ್ಯೂಬಿಲ್ಲ. ಕೂತುಹೋದ ದಿನ ಅಂಚಿಗೆ ಸಾಬೂನು ನೀರು ಹಚ್ಚಿ, ಟಯರಿನ ಸುತ್ತ ಹಗ್ಗ ಕಟ್ಟಿ ಕೋಲಿನಿಂದ ತಿರುಚಿ ಬಿಗಿದರೆ, ಅಂಚು ರಿಮ್ಮಿಗೆ ತಾಗಿ ಗಾಳಿ ಹಿಡಿಯುತ್ತದೆ. ತಾಗಿದ ಕೂಡಲೇ ಹಗ್ಗ ಬಿಚ್ಚಬೇಕು. ಹಗ್ಗ ತಿರುಚುವ ಕೆಲಸ ನನ್ನದು, ಸಿಟ್ಟಿಗೊಂದು ದಾರಿ.

ಅತ್ತೆಯ ಗಾಡಿಗೆ ಗಂಡ ನಾಯ್ಮಾರ್ಮೂಲೆಯ ಅಂಗಡಿಯಿಂದ ಹೊಸ ಚಕ್ರಗಳನ್ನೂ ಟ್ಯೂಬಿನೊಳಗೆ ಹಾಕುವ ಹಸಿರು ದ್ರವವನ್ನೂ ತಂದರು. ಅದನ್ನು ವಾಲ್ವಿನಿಂದ ಒಳಗೆ ಬಿಟ್ಟು ಗಾಳಿ ತುಂಬಿದರೆ, ಸಣ್ಣ ತೂತು ಬಿದ್ದಾಗ ದ್ರವವೇ ಅಲ್ಲಿಗೆ ಹರಿದು ಮುಚ್ಚುತ್ತದೆ. ದೊಡ್ಡ ಸೀಳಿಗೆ ಅದರಿಂದ ಪ್ರಯೋಜನವಿಲ್ಲ, ಮುಳ್ಳಿಗೆ ಸಾಕು. ಈ ಸಲ ಗಾಳಿಯನ್ನು ಸೈಕಲ್ ಪಂಪಿನಲ್ಲೇ ಹೊಡೆದರು.

ಒಂದು ಬೆಳಗ್ಗೆ ಅತ್ತೆ ಗಾಡಿಯಲ್ಲಿ ಕೂತಾಗಿತ್ತು, ಗಂಡ ಅಭ್ಯಾಸದಂತೆ ಟಯರನ್ನು ಒತ್ತಿ ನೋಡುತ್ತಿದ್ದರು. ಗಾಳಿ ಗಟ್ಟಿಯಾಗಿಯೇ ಇತ್ತು. ಆದರೆ ಮುಂದಿನ ಚಕ್ರದಲ್ಲಿ ಒಂದು ಹಸಿರು ಹನಿ. ಪಕ್ಕಡದಲ್ಲಿ ಹಿಡಿದು ಎಳೆದರು, ಉದ್ದದ ಮುಳ್ಳು ಇಡಿಯಾಗಿ ಬಂತು. ಚಕ್ರವನ್ನು ಉರುಳಿಸಿ ಆ ಜಾಗವನ್ನು ಕೆಳಗೆ ತಂದಾಗ ಇನ್ನೆರಡು ಹನಿ ಬಂದು ನಿಂತಿತು. ಇಷ್ಟು ದಿನ ನಮಗೆ ಸಿಗುತ್ತಿದ್ದದ್ದು ಮುರಿದ ಮೊನೆಗಳು. ಬುಡ ಸಮೇತ ಸಿಕ್ಕಿದ್ದು ಇದೇ ಮೊದಲು.

"ಇಲ್ಲಿ ಕೊಡು" ಎಂದು ಅತ್ತೆ ಕೈ ನೀಡಿದರು.

ಕನ್ನಡಕ ಸರಿಮಾಡಿ, ಮುಳ್ಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಬೇಲಿಯದ್ದಲ್ಲ. ಲಿಂಬೆಯದ್ದು. ಮತ್ತೆ ಇದು ಮುರಿದದ್ದಲ್ಲ, ಕೊಯ್ದದ್ದು. ಓರೆ ಕೊಯ್ತ, ನೋಡು." ಮಡಿಲಿನ ಡಬ್ಬಿಯನ್ನು ನೋಡಿ, "ಇದು ನನ್ನ ಚೂರಿದು" ಎಂದರು.

ಆಗ ನನಗೆ ಎಲ್ಲವೂ ಕಣ್ಣ ಮುಂದೆ ಬಂತು. ಅತ್ತೆ ಕಸಿಗೆ ಮೊದಲು ಲಿಂಬೆ ಕಡ್ಡಿಯ ಮುಳ್ಳುಗಳನ್ನು ಒಂದೊಂದಾಗಿ ಕೊಯ್ಯುತ್ತಾರೆ, ಅವು ಮಡಿಲಿಗೂ ಗೋಣಿಯ ಮೇಲೂ ಬೀಳುತ್ತವೆ. ಮನೆಯೊಳಗೆ ಮುಳ್ಳು ತಂದರೆ ಜಗಳ ಬರುತ್ತದೆ ಎಂಬುದು ಅವರ ಅಮ್ಮನ ಕಾಲದ ನೇಮ. ಅದಕ್ಕೇ ದಿನಾ ಸಂಜೆ ಮರಳುವಾಗ ಹಲಸಿನ ಮರದ ತಿರುವಿನಲ್ಲಿ ಗಾಡಿಯನ್ನು ನಿಲ್ಲಿಸಿ, ಸೆರಗನ್ನೂ ಗೋಣಿಯ ಅಂಚನ್ನೂ ಚೆನ್ನಾಗಿ ಕೊಡವಿ, ಆಮೇಲೆ ಮನೆಯ ಅಂಗಳಕ್ಕೆ ಬರುತ್ತಿದ್ದರು. ಆ ತಿರುವನ್ನು ದಾಟದೆ ಕೈಗಾಡಿಯಾಗಲಿ ಮೋವರಾಗಲಿ ಎಲ್ಲಿಗೂ ಹೋಗುವ ಹಾಗಿಲ್ಲ. ಗಾಡಿ ಎಳೆಯುತ್ತಿದ್ದ ಮಗ ಅದನ್ನು ದಿನಾ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ.

ಗಂಡ ನನ್ನನ್ನು ನೋಡಿದರು, ನಾನು ಬೋಳು ಬೇಲಿಯನ್ನು ನೋಡಿದೆ. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ, ನಗಲು ಹೆದರಿಕೆ. ಮತ್ತೆ ಚೂರಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟರೆ ಎಂದು ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಅತ್ತೆಯೇ ಮೊದಲು ನಕ್ಕರು. ಗಾಡಿ ಅಲುಗಾಡುವಷ್ಟು ನಕ್ಕರು, ಕಣ್ಣೊರೆಸಿಕೊಂಡರು. "ಜಗಳ ಮನೆಗೆ ಬರಬಾರ್ದು ಅಂತ ದಾರಿಯಲ್ಲಿ ಬಿಟ್ಟೆ. ಅದು ಟಯರಿನಲ್ಲಿ ಕೂತು ಮನೆಗೇ ಬಂತು!"

ನಾನು ಒಳಗೆ ಓಡಿ, ಇನ್ನು ಮುಂದೆ ಕೊಯ್ದ ಮುಳ್ಳು ಹಾಕಲೆಂದು ಒಂದು ಖಾಲಿ ಬಿಸ್ಕಿಟ್ ಡಬ್ಬ ತಂದು ಅವರ ಪಕ್ಕದಲ್ಲಿಟ್ಟೆ. ಅತ್ತೆ ಆ ಮುಳ್ಳನ್ನು ಅದರೊಳಗೆ ಹಾಕಿ ಮುಚ್ಚಳ ಒತ್ತಿದರು. ಗಂಡ ಹಿಡಿಕೆ ಎತ್ತಿದರು. ಗಾಡಿ ಮೆತ್ತಗೆ ಇಳಿಜಾರಿಗೆ ಇಳಿಯಿತು. ಹಲಸಿನ ಮರದ ಹತ್ತಿರ ಗಿಡ ಕೊಳ್ಳಲು ಬಂದವರೊಬ್ಬರು ನಿಂತಿದ್ದರು.

"ಎಂತ ಅಜ್ಜಿ, ಗಾಡಿಗೆ ಈಗ ಪಂಕ್ಚರ್ ಇಲ್ವಾ?" ಎಂದು ಕೇಳಿದರು.

"ಇಲ್ಲ. ನನ್ನ ಮಗ ಸರಿ ಮಾಡಿದ" ಎಂದರು ಅತ್ತೆ, ಮುಳ್ಳಿನ ಡಬ್ಬವನ್ನು ಸೆರಗಿನೊಳಗೆ ಸರಿಸುತ್ತಾ.